ನೋಡೋಣ ಮೇಷ್ಟ್ರ ಎರಡನೆಯ ಪತ್ರ

ನಮ್ಮ ಅನುವಾದದ ಆಫೀಸು ಅಂದರೆ ಔಷಧಿ ಅಂಗಡಿಯ ಮೇಲಿನ ಒಂದು ಕೋಣೆ, ಎರಡು ಮೇಜು, ಮೂರು ಕುರ್ಚಿ. ಯಂತ್ರಗಳ ಕೈಪಿಡಿಗಳನ್ನು ಮೇಷ್ಟ್ರು ನಮ್ಮ ಭಾಷೆಗೆ ತರುತ್ತಾರೆ, ನಾನು ತಪ್ಪು ಹುಡುಕುತ್ತೇನೆ. ಹುಡುಕಿ ಹುಡುಕಿ ನನಗೆ ಮನುಷ್ಯರಲ್ಲೂ ತಪ್ಪೇ ಕಾಣುತ್ತದೆ ಎಂದು ನನ್ನ ಗಂಡ ಹೇಳುವುದುಂಟು. ಇರಲಿ, ಯಾರಾದರೂ ಕಾಣಬೇಕಲ್ಲ.

ಮೇಷ್ಟ್ರು ಹಿಂದೆ ಹತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದವರು. ಕೆಲಸ ಬಿಟ್ಟರೂ ಹೆಸರು ಬಿಡಲಿಲ್ಲ. ಅದರ ಹಿಂದೆ 'ನೋಡೋಣ' ಎಂದು ಸೇರಿಸಿದವಳು ನಾನು. ಯಾರು ಏನು ಕೇಳಿದರೂ ಅವರ ಉತ್ತರ ಅದೊಂದೇ. ಬೇರೆಯವರ ಬಾಯಲ್ಲಿ 'ನೋಡೋಣ' ಅಂದರೆ ಆಗುವುದಿಲ್ಲ ಎಂದರ್ಥ. ಇವರ ಬಾಯಲ್ಲಿ ಮಾತ್ರ ಆಗಲೇಬೇಕು ಎಂದರ್ಥ. ಐವತ್ತು ಪುಟಕ್ಕೆ ಒಪ್ಪಿ ಎಪ್ಪತ್ತು ಪುಟ ಮಾಡಿಕೊಡುತ್ತಿದ್ದರು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂದು ನಾನು ಎಷ್ಟು ಸಲ ಹೇಳಿದ್ದೇನೋ. ಅವರು ನಗುತ್ತಿದ್ದರು. ಸಂಜೆ ಆರಕ್ಕೆ ಅವರ ಹೆಂಡತಿಯ ಫೋನು ಬರುತ್ತಿತ್ತು, ನಾನೇ ಎತ್ತುತ್ತಿದ್ದೆ. "ಹೊರಟ್ರಾ?" ಎನ್ನುತ್ತಿದ್ದರು. "ಇನ್ನೇನು ಹೊರಟ್ರು" ಎಂದು ಸುಳ್ಳು ಹೇಳುತ್ತಿದ್ದೆ.

ಆಕೆ ತೀರಿಹೋಗಿ ಎರಡು ತಿಂಗಳಾಗಿತ್ತು. ಮೇಷ್ಟ್ರು ಆರನೆಯ ದಿನವೇ ಆಫೀಸಿಗೆ ಬಂದು ಕೂತರು. ಅಳಲಿಲ್ಲ. ಮಾತು ಕಡಿಮೆಯಾಯಿತು, ಅಷ್ಟೆ. ಟೀ ಕೊಟ್ಟರೆ ಕುಡಿಯುತ್ತಿದ್ದರು, ಕೊಡದಿದ್ದರೆ ಕೇಳುತ್ತಿರಲಿಲ್ಲ. ಒಂದು ದಿನ ಸಕ್ಕರೆ ಹಾಕಲು ಮರೆತೆ. ಅವರಿಗೆ ಗೊತ್ತೇ ಆಗಲಿಲ್ಲ.

ಆ ಬುಧವಾರ ಅವರ ಮಗಳು ಆಫೀಸಿಗೇ ಬಂದಳು. ಬೇರೆ ಊರಿನಲ್ಲಿ ನರ್ಸ್ ಆಗಿರುವ ಹುಡುಗಿ, ಯಾವುದೋ ಕೆಲಸಕ್ಕೆ ಬಂದವಳು ವಾಪಸು ಬಸ್ಸು ಹಿಡಿಯುವ ಆತುರದಲ್ಲಿದ್ದಳು.

"ಅಪ್ಪಾ, ಶನಿವಾರ ಭಾನುವಾರ ರಜಾ ಹಾಕಿದೀನಿ. ಅಮ್ಮನ ಬೀರು ಖಾಲಿ ಮಾಡ್ಬೇಕು. ಒಬ್ಬಳೇ ಮಾಡೋಕೆ ನನ್ ಕೈಲಿ ಆಗಲ್ಲ. ನೀನು ಮನೇಲಿರ್ಬೇಕು."

"ನೋಡೋಣ" ಎಂದರು ಮೇಷ್ಟ್ರು.

"ನೋಡೋಣ ಬೇಡ ಅಪ್ಪಾ. ಇರ್ತೀನಿ ಅನ್ನು, ಇಲ್ಲಾ ಇರಲ್ಲ ಅನ್ನು. ಅಮ್ಮನ್ನ ಕಾಯಿಸಿದ ಹಾಗೆ ನನ್ನನ್ನೂ ಕಾಯಿಸ್ಬೇಡ."

ಮೇಷ್ಟ್ರು ತಲೆಯಾಡಿಸಿದರು. ಅದು ಹೌದೋ ಅಲ್ಲವೋ ಅವಳಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಅವಳು ಹೋದಳು.

ಅವಳು ಮೆಟ್ಟಿಲಿಳಿದು ಗಂಟೆಯಾಗಿರಲಿಲ್ಲ, ಬಟ್ಟೆ ಒಗೆಯುವ ಯಂತ್ರದ ಕಂಪನಿಯಿಂದ ಇಮೇಲ್ ಬಂತು. ಅವರ ಕೈಪಿಡಿ ನಮ್ಮ ಕೈಯಲ್ಲಿತ್ತು, ಶುಕ್ರವಾರ ಕೊಡಬೇಕಿತ್ತು. ಈಗ ಯಂತ್ರದ ಪುಟ್ಟ ಪರದೆಯ ಮೇಲೆ ಮೂಡುವ ಸಂದೇಶಗಳೂ ಬೇಕಂತೆ. 'ಬಾಗಿಲು ಮುಚ್ಚಿ', 'ನೀರು ಬರುತ್ತಿಲ್ಲ', ಇಂಥವು ಇನ್ನೂರ ಅರವತ್ತು. ಚಿಕ್ಕ ಚಿಕ್ಕ ಸಾಲುಗಳು ಸರ್, ಕೈಪಿಡಿಯ ಜೊತೆಗೇ ಮುಗಿದುಹೋಗುತ್ತದೆ, ಸೋಮವಾರ ಬೆಳಿಗ್ಗೆ ಸಿಕ್ಕರೆ ಸಾಕು ಎಂದು ಬರೆದಿದ್ದರು.

ಚಿಕ್ಕ ಸಾಲೇ ದೊಡ್ಡ ತಲೆನೋವು. ಪರದೆಯಲ್ಲಿ ಹದಿನೆಂಟು ಅಕ್ಷರಕ್ಕೆ ಜಾಗವಿದ್ದರೆ ಹತ್ತೊಂಬತ್ತನೆಯದು ಹಿಡಿಸುವುದಿಲ್ಲ. ಒಂದೊಂದನ್ನೂ ಅಳೆದು, ಕೈಪಿಡಿಯಲ್ಲಿ ಬಳಸಿದ ಪದಕ್ಕೆ ಹೊಂದಿಸಿ ಬರೆಯಬೇಕು. ಶನಿವಾರ ಭಾನುವಾರ ಎರಡೂ ಅದಕ್ಕೇ ಹೋಗುತ್ತವೆ. ಮಗಳು ಬೀರುವಿನ ಮುಂದೆ ಒಬ್ಬಳೇ ನಿಲ್ಲುತ್ತಾಳೆ.

"ಆಗಲ್ಲ ಅಂತ ಬರೀರಿ ಮೇಷ್ಟ್ರೇ" ಎಂದೆ.

"ಬರೆದೆನಲ್ಲ" ಎಂದರು.

ಆಗಲೇ ಕಳಿಸಿಯೂ ಆಗಿತ್ತು. ಎದ್ದು ಹೋಗಿ ಓದಿದೆ. 'ತಮ್ಮ ಪತ್ರ ತಲುಪಿ ಸಂತೋಷವಾಯಿತು. ಸದ್ಯ ಕೈಪಿಡಿಯ ಒತ್ತಡ ತುಸು ಹೆಚ್ಚಿದೆ. ಸಂದೇಶಗಳ ವಿಷಯ ಮೂಲ ಒಪ್ಪಂದದಲ್ಲಿ ಇದ್ದಂತೆ ಕಾಣುವುದಿಲ್ಲ. ಆದರೂ ತಮ್ಮ ಅನುಕೂಲವೇ ನಮಗೆ ಮುಖ್ಯ. ಸಾಧ್ಯವಾದಷ್ಟು ಪ್ರಯತ್ನಿಸೋಣ.'

"ಇದು ಆಗಲ್ಲ ಅನ್ನೋ ಪತ್ರಾನಾ? ಅಡ್ಡಗೋಡೆ ಮೇಲೆ ದೀಪ ಇಟ್ಟಿದೀರಲ್ಲ!"

"ಅರ್ಥ ಮಾಡ್ಕೋತಾರೆ ಬಿಡಿ."

ಅವರು ಚೆನ್ನಾಗಿಯೇ ಅರ್ಥ ಮಾಡಿಕೊಂಡರು. ಊಟದ ಹೊತ್ತಿಗೆ ಉತ್ತರ ಬಂತು: 'ಒಪ್ಪಿದ್ದಕ್ಕೆ ಧನ್ಯವಾದ ಸರ್. ಸೋಮವಾರ ಬೆಳಿಗ್ಗೆ ಕಾಯುತ್ತಿರುತ್ತೇನೆ.' ಜೊತೆಗೆ ಆ ಇನ್ನೂರ ಅರವತ್ತು ಸಾಲಿನ ಕಡತ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕಂಪನಿಯ ಮೇಲಲ್ಲ, ಈ ಮನುಷ್ಯನ ಮೇಲೆ. "ನಿಮ್ಮ ಮಗಳಿಗೆ ನಾನು ಫೋನ್ ಮಾಡಿ ಹೇಳಲ್ಲ. 'ಇನ್ನೇನು ಹೊರಟ್ರು' ಅಂತ ಹೇಳೀ ಹೇಳೀ ನನಗೆ ಸಾಕಾಗಿದೆ" ಎಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಮೇಷ್ಟ್ರು ಬೇಸರಪಟ್ಟುಕೊಳ್ಳಲಿಲ್ಲ. ಬೇಸರಪಡುವಷ್ಟೂ ಶಕ್ತಿ ಅವರಲ್ಲಿ ಉಳಿದಿರಲಿಲ್ಲವೇನೋ. ಕೀಲಿಮಣೆ ಹತ್ತಿರ ಎಳೆದುಕೊಂಡು, ಎಲ್ಲೂ ನಿಲ್ಲಿಸದೆ ಟೈಪ್ ಮಾಡಿದರು. ಕಳಿಸುವ ಮೊದಲು ನನಗೆ ತೋರಿಸಿದರು.

'ನಮಸ್ಕಾರ. ನನ್ನ ಬೆಳಗಿನ ಪತ್ರ ಸ್ಪಷ್ಟವಾಗಿರಲಿಲ್ಲ, ಕ್ಷಮಿಸಿ. ಇನ್ನೂರ ಅರವತ್ತು ಸಂದೇಶಗಳ ಅನುವಾದವನ್ನು ಸೋಮವಾರಕ್ಕೆ ನಾನು ಮಾಡಿಕೊಡುವುದಿಲ್ಲ. ನಾವು ಒಪ್ಪಿಕೊಂಡಿರುವುದು ತೊಂಬತ್ತೆರಡು ಪುಟಗಳ ಕೈಪಿಡಿ ಮತ್ತು ಒಂದು ಸುತ್ತಿನ ತಿದ್ದುಪಡಿ. ಸಂದೇಶಗಳು ಅದರಲ್ಲಿ ಸೇರಿಲ್ಲ. ಕೈಪಿಡಿ ಮಾತಿನಂತೆ ಶುಕ್ರವಾರ ಸಂಜೆ ತಲುಪುತ್ತದೆ. ಸಂದೇಶಗಳನ್ನೂ ನಮ್ಮಿಂದಲೇ ಮಾಡಿಸುವುದಾದರೆ ಅದು ಬೇರೆ ಕೆಲಸ. ದರ ಮತ್ತು ಗಡುವನ್ನು ಹೊಸದಾಗಿ ಗೊತ್ತುಮಾಡಿಕೊಂಡು ಮುಂದಿನ ಬುಧವಾರದ ನಂತರ ಶುರುಮಾಡಬಹುದು. ಅದಕ್ಕೂ ಮುಂಚೆ ಬೇಕಿದ್ದರೆ ದಯವಿಟ್ಟು ಬೇರೆಯವರನ್ನು ಕೇಳಿ.'

ತಪ್ಪು ಹುಡುಕುವ ನನಗೆ ಒಂದೂ ಸಿಗಲಿಲ್ಲ. "ಕಳಿಸಿ" ಎಂದೆ.

ಕಳಿಸಿದರು. ಆಮೇಲೆ ಭಯ ಹತ್ತಿದ್ದು ನನಗೆ. ಹೇಳಿಕೊಟ್ಟವಳು ನಾನು. ಈ ಕಂಪನಿ ಕೈಬಿಟ್ಟರೆ ನಮ್ಮ ಅರ್ಧ ಕೆಲಸ ಹೋದಂತೆ. ಕೆಟಲ್‌ನಲ್ಲಿ ನೀರು ಕಾಯಿಸಲಿಟ್ಟೆ. ಅದು ಕುದಿಯುವ ಮೊದಲೇ ಉತ್ತರ ಬಂತು. ಮೇಷ್ಟ್ರು ಓದಲಿಲ್ಲ, ಪರದೆಯನ್ನು ನನ್ನ ಕಡೆ ತಿರುಗಿಸಿದರು. ನಾನೇ ಗಟ್ಟಿಯಾಗಿ ಓದಿದೆ.

'ಸರಿ ಸರ್, ತೊಂದರೆಯಿಲ್ಲ. ಕೇಳಿ ನೋಡಿದೆ ಅಷ್ಟೆ. ಇದಕ್ಕೆ ಆತುರವೇನೂ ಇಲ್ಲ, ಬುಧವಾರದ ಮೇಲೆ ಮಾತಾಡೋಣ.'

ನಾನು ಚಪ್ಪಾಳೆ ತಟ್ಟಿದೆ, ನಿಜವಾಗಿಯೂ ತಟ್ಟಿದೆ. "ನೋಡಿದ್ರಾ? ಇಷ್ಟೇ!"

"ಇಷ್ಟೇನಾ?" ಎಂದರು ಮೇಷ್ಟ್ರು.

ಆ ದನಿ ಕೇಳಿ ನನ್ನ ಕೈ ನಿಂತಿತು. ಅವರು ನನ್ನನ್ನು ನೋಡುತ್ತಿರಲಿಲ್ಲ. "ನಮ್ಮನೆಯವಳಿಗೆ ಮೊದಲನೇ ಸಲ ಸ್ಕ್ಯಾನ್ ಮಾಡಿಸಿದ ದಿನ, ಇವರದ್ದೇ ಮೂವತ್ತು ಪುಟ ಜಾಸ್ತಿ ಬಂದಿತ್ತು. ನೋಡೋಣ ಅಂದಿದ್ದೆ. ಅವಳು ಆಟೋ ಹಿಡ್ಕೊಂಡು ಒಬ್ಬಳೇ ಹೋದಳು" ಎಂದರು. ಪಾಠ ಒಪ್ಪಿಸುವ ಹುಡುಗನ ದನಿಯಲ್ಲಿ, ಏರಿಳಿತವಿಲ್ಲದೆ ಹೇಳಿದರು. "ಅವತ್ತು ಆಗಲ್ಲ ಅಂದಿದ್ರೂ ಇವರು ಹೀಗೇ ಅಂತಿದ್ರಾ?"

ಅವತ್ತು ಅವರು ಒಪ್ಪುತ್ತಿರಲಿಲ್ಲ ಎಂದು ಸುಳ್ಳು ಹೇಳಬಹುದಿತ್ತು. ವರ್ಷಗಟ್ಟಲೆ ಅವರ ಹೆಂಡತಿಗೆ ಸಲೀಸಾಗಿ ಹೇಳಿದವಳಿಗೆ ಅವತ್ತು ಒಂದೂ ಹೊಳೆಯಲಿಲ್ಲ. ಟೀ ಮಾಡಿ ಅವರ ಮುಂದಿಟ್ಟೆ.

ನಾಲ್ಕು ಗಂಟೆಗೆ ಅವರೇ ಮಗಳಿಗೆ ಫೋನ್ ಮಾಡಿದರು. ಅವಳಿನ್ನೂ ಬಸ್ಸಿನಲ್ಲಿದ್ದಳು, ಗದ್ದಲಕ್ಕೆ ಜೋರಾಗಿ ಮಾತಾಡುತ್ತಿದ್ದಳು, ನನಗೂ ಕೇಳುತ್ತಿತ್ತು.

"ಶನಿವಾರ ಮನೇಲಿರ್ತೀನಿ ಕಣಮ್ಮಾ. ಭಾನುವಾರಾನೂ ಇರ್ತೀನಿ. ಏನೋ ಕೆಲಸ ಬಂದಿತ್ತು, ಆಗಲ್ಲ ಅಂತ ಬರೆದೆ."

"ನೀನಾ? ಆಗಲ್ಲ ಅಂದ್ಯಾ? ಅವರು ಸಿಟ್ಟಾಗಲಿಲ್ವಾ ಅಪ್ಪಾ?"

"ಇಲ್ಲ."

"ಏನಂದ್ರು ಮತ್ತೆ?"

"ಏನೂ ಅನ್ಲಿಲ್ಲ."

ಆ ಕಡೆ ಬಸ್ಸಿನ ಸದ್ದು ಮಾತ್ರ ಕೇಳುತ್ತಿತ್ತು. ಮೇಷ್ಟ್ರು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದು, ಅವಳಿಗೆ ಕೇಳಿಸಲಿಲ್ಲವೇನೋ ಎನ್ನುವಂತೆ ಮತ್ತೆ ಹೇಳಿದರು:

"ಅವರು ಏನೂ ಅನ್ಲಿಲ್ಲ ಕಣಮ್ಮಾ."