ಲಗ್ನಪತ್ರಿಕೆಯ ಬಲಗಡೆ ಯಾರ ಹೆಸರು

ಲಗ್ನಪತ್ರಿಕೆ ಅನ್ನುವುದು ಲಗ್ನ ಮುಗಿದ ಮರುದಿನ ಕಸದ ಡಬ್ಬಿಗೆ ಹೋಗುವ ಕಾಗದ. ಅದರ ಸಲುವಾಗಿ ತಿಂಗಳುಗಟ್ಟಲೆ ಬಡಿದಾಡಿದ ಮಂದಿಯನ್ನು ನಾನು ಸಿಡ್ನಿಯಲ್ಲಿ ನೋಡಿದೆ, ಮೆಲ್ಬರ್ನಿನಲ್ಲಿಯೂ ನೋಡಿದೆ. ನಾನೂ ಅವರಲ್ಲಿ ಒಬ್ಬಳು, ಆದ್ದರಿಂದ ಬೈಯುವ ಹಕ್ಕು ನನಗಿದೆ.

ಮದುವೆ ನನ್ನ ಮಗಳ ಮಗಳದು. ಹುಡುಗ ವಿಯೆಟ್ನಾಮಿನವರ ಮಗ, ಸಿಡ್ನಿಯಲ್ಲಿ ನಮ್ಮ ಪಕ್ಕದ ಮನೆಯವನು. ಅವನ ತಾಯಿ ಬಟ್ಟೆ ಹೊಲಿಯುವ ಫ್ಯಾಕ್ಟರಿಗೆ ಹೋಗುತ್ತಿದ್ದಳು. ಸಾಲಿ ಬಿಟ್ಟ ಮೇಲೆ ಅವನು ನಮ್ಮ ಅಡುಗೆಮನೆಯಲ್ಲೇ ರೊಟ್ಟಿ ತಿಂದು ಬೆಳೆದ. ಹಾಗಾಗಿ ಅವನಿಗೆ ನನ್ನ ಹುಬ್ಬಳ್ಳಿ ಮಾತು ಬರುತ್ತದೆ, ಬೈಗುಳ ಸಮೇತ. ನನ್ನ ಮೊಮ್ಮಗಳು ಎಲ್ಲ ತಿಳಿದುಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವಳು, ಅವನ ಜೊತೆ ಮಾತಾಡಲಿಕ್ಕೆ ಶುರು ಮಾಡಿದ ಮೇಲೆಯೇ ಕನ್ನಡದಲ್ಲಿ ಬಾಯಿ ಬಿಟ್ಟಳು. ಇಬ್ಬರೂ ಕನ್ನಡದಲ್ಲಿಯೇ ಜಗಳಾಡುತ್ತಾರೆ. ಆ ಮಟ್ಟಿಗೆ ನನ್ನ ರೊಟ್ಟಿ ದಂಡವಾಗಲಿಲ್ಲ.

ನನ್ನ ಅಳಿಯ ತೀರಿಕೊಂಡಾಗ ಮೊಮ್ಮಗಳಿಗೆ ನಾಲ್ಕು ವರ್ಷ. ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ಅವಳನ್ನು ಬೆಳೆಸಿದಳು. ನಾನು ಆಗ ಇಲ್ಲಿಗೆ ಬಂದವಳು, ತಿರುಗಿ ಹೋಗಲಿಲ್ಲ. ಅಳಿಯನ ಅಣ್ಣ ಮೆಲ್ಬರ್ನಿನಲ್ಲಿ ಇದ್ದ. ಅಷ್ಟು ವರ್ಷ ದೀಪಾವಳಿಗೆ ಒಂದು ಫೋನು, ಯುಗಾದಿಗೆ ಒಂದು ಫೋನು, ಅಷ್ಟೇ ಅವನ ದೊಡ್ಡಪ್ಪತನ. ಮದುವೆ ನಿಶ್ಚಯವಾಯಿತು ಅಂದ ಕೂಡಲೇ ಎದ್ದು ಕುಳಿತ. ಮನೆತನದ ಹಿರಿಯ ತಾನೇ, ಪತ್ರಿಕೆಯ ಜವಾಬ್ದಾರಿ ತನ್ನದು ಅಂದ.

ಪತ್ರಿಕೆಯನ್ನು ವಿಯೆಟ್ನಾಮಿನವರ ಪದ್ಧತಿಯಲ್ಲಿ ಮಾಡಿಸುವುದು ಅಂತ ಮಕ್ಕಳು ಗೊತ್ತು ಮಾಡಿದ್ದರು, ಕೆಂಪು ಕಾಗದ, ಬಂಗಾರದ ಅಕ್ಷರ. ಒಂದು ಮಗ್ಗುಲಿಗೆ ಅವರ ಭಾಷೆ, ಇನ್ನೊಂದಕ್ಕೆ ಕನ್ನಡ. ಹುಡುಗ ನನಗೆ ಒಂದು ಹಳೆಯ ಪತ್ರಿಕೆ ತಂದು ತೋರಿಸಿದ. ನೆತ್ತಿಯ ಮೇಲೆ ಸಂತೋಷ ಅನ್ನುವ ಚೀನೀ ಅಕ್ಷರವನ್ನು ಜೋಡಿಯಾಗಿ ಬರೆದ ಚಿಹ್ನೆ, ನಾವು ಮನೆದೇವರ ಹೆಸರು ಹಾಕುವ ಜಾಗದಲ್ಲಿ. ಅದರ ಕೆಳಗೆ ಎಡಕ್ಕೆ ಹುಡುಗನ ತಂದೆ ತಾಯಿ, ಬಲಕ್ಕೆ ಹುಡುಗಿಯ ತಂದೆ ತಾಯಿ, ಎರಡೂ ಸರಿಸಮ. ಮಕ್ಕಳ ಹೆಸರು ಆಮೇಲೆ. ಹೆಸರಿನ ಪಕ್ಕ ಇವನು ಹಿರಿಯ ಮಗನೋ ಎರಡನೆಯವನೋ ಅಂತ ಬರೆಯುತ್ತಾರೆ. ನಾವು ಜ್ಯೇಷ್ಠ ಪುತ್ರ, ದ್ವಿತೀಯ ಪುತ್ರಿ ಅನ್ನುವುದಿಲ್ಲವೇ, ಹಾಗೆಯೇ. ಇಂಗ್ಲಿಷ್ ತಾರೀಖಿನ ಕೆಳಗೆ ಚಂದ್ರನ ಲೆಕ್ಕದ ತಾರೀಖು. ಅವರೂ ನಮ್ಮ ಹಾಗೆ ಅಮಾವಾಸ್ಯೆಯಿಂದ ಎಣಿಸುತ್ತಾರೆ. ಹುಣ್ಣಿಮೆ ಆದ ಮೇಲೆ ನಾವು ತಿರುಗಿ ಪಾಡ್ಯ ಅನ್ನುತ್ತೇವೆ, ಅವರು ಹದಿನಾರು ಅನ್ನುತ್ತಾರೆ. ಇಷ್ಟು ಒಂದೇ ನಮೂನೆ ಇರುವಾಗ ಜಗಳಕ್ಕೆ ಜಾಗವೇ ಇಲ್ಲ ಅಂದುಕೊಂಡಿದ್ದೆ. ನಮ್ಮ ಮಂದಿಗೆ ಜಾಗ ಬೇಕೇ?

ದೊಡ್ಡಪ್ಪ ಫೋನು ಮಾಡಿದ. ಮಗಳು ಸ್ಪೀಕರಿಗೆ ಹಾಕಿದಳು.

"ಬಲಗಡೆ ನನ್ನ ಹೆಸರು, ನಮ್ಮ ಮನಿಯಾಕಿ ಹೆಸರು ಹಾಕಸ್ತೇನಿ. ‘ನಮ್ಮ ತಮ್ಮನ ಮಗಳು’ ಅಂತ ಬರೆಸಿದ್ರ ಆತು. ನಿನ್ನ ಹೆಸರು ಮ್ಯಾಲೆ ಬ್ಯಾಡವಾ, ತಪ್ಪು ತಿಳೀಬ್ಯಾಡ. ಶುಭಕಾರ್ಯ ನೋಡು. ಮಂದಿ ಏನಂತಾರ?"

ಮಗಳು ನನ್ನ ಮುಖ ನೋಡಿದಳು. ನಾನು ಏನು ಹೇಳಿದೆ? "ಹೂಂ ಅನ್ನು, ಮುಗಿಸು" ಅಂದೆ. ಇಪ್ಪತ್ತು ವರ್ಷ ಹಗಲೂ ರಾತ್ರಿ ಪಾಳಿ ಮಾಡಿ ಮಗಳನ್ನು ಬೆಳೆಸಿದವಳ ಹೆಸರನ್ನು ಅವಳ ಹಡೆದವ್ವನೇ ಅಳಿಸಿದಳು. ಈ ನನ್ನ ಮಗಳ ಮದುವೆಯ ಪತ್ರಿಕೆಯಲ್ಲಿಯೂ ನನ್ನ ಹೆಸರು ಇರಲಿಲ್ಲ. ಆಗ ನಾನು ಗಂಡ ಸತ್ತವಳು, ನನ್ನ ತಮ್ಮ ಮತ್ತು ಅವನ ಹೆಂಡತಿ ಕರೆಯುವವರಾದರು. ನಾನು ಒಳಗೆ ಕುಳಿತು ಅಕ್ಕಿ ಆರಿಸಿದೆ. ನನಗಾದದ್ದು ಇವಳಿಗೂ ಆದರೆ ಏನಾಯಿತು ಅಂತ ಅಂದುಕೊಂಡೆ. ಅಂಥ ಮೂರ್ಖತನಕ್ಕೆ ನಾವು ಪದ್ಧತಿ ಅನ್ನುತ್ತೇವೆ.

ಹುಡುಗ ಮಾತ್ರ ಕೇಳಿದ, "ಆಂಟಿ, ನಿಮ್ಮ ಹೆಸರು ಎಲ್ಲಿ?"

"ನಮ್ಮ ಕಡೆ ಹಿಂಗ ಇರ್ತದಪಾ" ಅಂದಳು ಮಗಳು. ಅವನು ದೊಡ್ಡಪ್ಪ ಕಳಿಸಿದ್ದನ್ನು ಹಾಗೆಯೇ ತನ್ನ ಭಾಷೆಗೆ ಇಳಿಸಿದ. ಅವನ ತಂದೆ ತಾಯಿ ಓದಿದರು, ಇದು ಕನ್ನಡದವರ ಪದ್ಧತಿ ಇರಬೇಕು ಅಂತ ಮರ್ಯಾದೆಗೆ ಸುಮ್ಮನಾದರು. ಮರ್ಯಾದೆಯಿಂದ ಆಗುವ ಅನಾಹುತಕ್ಕೆ ಲೆಕ್ಕವಿಲ್ಲ.

ಅಚ್ಚಿಗೆ ಕೊಡುವ ಮುಂಚೆ ಹುಡುಗನ ತಂದೆಯ ತಾಯಿ ನೋಡಿ ಒಪ್ಪಬೇಕಿತ್ತು. ಆ ಮುದುಕಿ ಮೆಲ್ಬರ್ನಿನ ಫುಟ್ಸ್‌ಕ್ರೇದಲ್ಲಿ ಹಿರಿಯ ಮಗನ ಮನೆಯಲ್ಲಿದ್ದಳು. ನಮ್ಮನ್ನು ಯಾರನ್ನೂ ನೋಡಿರಲಿಲ್ಲ. ನಾನು, ಮಗಳು, ಹುಡುಗ ಸಿಡ್ನಿಯಿಂದ ಹೋದೆವು. ಮೊಮ್ಮಗಳಿಗೆ ರಜೆ ಸಿಗಲಿಲ್ಲ. ದೊಡ್ಡಪ್ಪ ವಿಂಡಮ್ ವೇಲ್‌ನ ಹೊಸ ಮನೆಯಿಂದ ಹೆಂಡತಿಯ ಜೊತೆ ಏರ್‌ಪೋರ್ಟಿಗೆ ಬಂದು ನಮ್ಮನ್ನು ಕಾರಿನಲ್ಲಿ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಆ ಮನೆಯ ನಾಲ್ಕು ಬೆಡ್‌ರೂಮಿನ ವರ್ಣನೆ ಕೇಳಿ ನನ್ನ ಕಿವಿ ದಣಿದವು.

ಮುದುಕಿ ನನಗಿಂತ ಸಣ್ಣ ದೇಹದವಳು, ಕಣ್ಣು ಮಾತ್ರ ಸೂಜಿ. ದೊಡ್ಡಪ್ಪನನ್ನೂ ಅವನ ಹೆಂಡತಿಯನ್ನೂ ಸೋಫಾದ ಮೇಲೆ ಕೂಡಿಸಿದರು. ನನಗೆ ಕುರ್ಚಿ. ಮಗಳು ಅಡುಗೆಮನೆಯ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕುಳಿತಳು. ಯಾರೂ ಹೇಳಿರಲಿಲ್ಲ, ತಾನೇ ಹೋಗಿ ಕುಳಿತಳು. ಯಾರು ಯಾರು ಅಂತ ಪೂರ್ತಿ ಹೇಳುವ ಮೊದಲೇ ಮುದುಕಿ ಕರಡನ್ನು ಮೊಮ್ಮಗನಿಂದ ಎರಡು ಸಲ ಓದಿಸಿದಳು. ಆಮೇಲೆ ಎದ್ದು ಬಂದು ನನ್ನ ಕೈ ಹಿಡಿದುಕೊಂಡು ಏನೋ ಅಂದಳು. ಹುಡುಗ ಸ್ಟೂಲಿನ ಕಡೆ ನೋಡಿದ.

"ಏನಂತಾಳೋ?" ಅಂದೆ.

"ಅಜ್ಜಿ, ಅದು... ಅಕಿ ದುಃಖ ಹೇಳಾಕತ್ಯಾಳ."

"ಯಾರ ಸಲುವಾಗಿ?"

"ನಿಮ್ಮ ಮಗಳ ಸಲುವಾಗಿ. ಯಾವಾಗ ತೀರಿಕೊಂಡ್ರು ಅಂತ ಕೇಳಾಕತ್ಯಾಳ."

ಸ್ಟೂಲಿನ ಮೇಲೆ ಕುಳಿತಿದ್ದ ಸತ್ತವಳು ಸೆರಗು ಸರಿ ಮಾಡಿಕೊಂಡಳು.

ವಿಷಯ ಇಷ್ಟೇ. ಅವರ ಪತ್ರಿಕೆಯಲ್ಲಿ ತಂದೆ ತಾಯಿಯ ಜಾಗದಲ್ಲಿ ದೊಡ್ಡಪ್ಪ ದೊಡ್ಡಮ್ಮನ ಹೆಸರು ಬಂದರೆ, ಹೆತ್ತವರು ಇಬ್ಬರೂ ಇಲ್ಲ ಅಂತಲೇ ಅರ್ಥ. ತಾಯಿ ಬದುಕಿದ್ದೂ ಹೆಸರಿಲ್ಲ ಅನ್ನುವುದು ಆ ಮುದುಕಿಯ ತಲೆಗೆ ಹೋಗುವ ಮಾತೇ ಅಲ್ಲ. ತಂದೆ ಹೋಗಿ ಬಹಳ ವರ್ಷವಾಯಿತು ಅಂತ ಅವಳಿಗೆ ಗೊತ್ತಿತ್ತು. ತಾಯಿ ಹೋದದ್ದು ಈಚೆಗಿದ್ದರೆ ಸೂತಕದ ಅವಧಿ ಮುಗಿದಿಲ್ಲ. ಅವರಲ್ಲಿ ಹೆತ್ತವರ ಸೂತಕ ಹಳೆಯ ಲೆಕ್ಕದಲ್ಲಿ ಮೂರು ವರ್ಷ, ಅಷ್ಟರೊಳಗೆ ಮಗಳ ಮದುವೆ ಮಾಡುವುದು ದೊಡ್ಡ ತಪ್ಪು. ಆದ್ದರಿಂದ ಮದುವೆ ಮುಂದಕ್ಕೆ ಹಾಕಬೇಕು ಅಂದಳು. ನಿರ್ಧಾರವಾಗಿಯೇ ಅಂದಳು.

ದೊಡ್ಡಪ್ಪ ಹುಡುಗನ ಕಡೆ ತಿರುಗಿದ. "ಹೇಳಪಾ ಅಕಿಗೆ. ತಾಯಿ ಇದ್ದಾಳ. ವಿಧವಾ ಇದ್ದಾಳ ಅಂತ ಹೆಸರು ಹಾಕಿಲ್ಲ. ನಮ್ಮ ಸಂಪ್ರದಾಯ, ಶುಭ ಅಲ್ಲ ಅಂತ."

ಹುಡುಗ ಹೇಳಿದ. ಮುದುಕಿ ತಿರುಗಿ ಕೇಳಿದಳು. ಅವನು ಮತ್ತೆ ಹೇಳಿದ. ಅವಳು ನಕ್ಕಳು, ಒಳ್ಳೆಯ ನಗು ಅಲ್ಲ ಅದು. ಗೂಡಿನಿಂದ ಒಂದು ಕಟ್ಟು ತೆಗೆದಳು, ಎಲ್ಲ ಅವಳ ಮಕ್ಕಳ ಮದುವೆಯ ಪತ್ರಿಕೆಗಳು. ಒಂದೊಂದರಲ್ಲಿಯೂ ಮೇಲೆ ತನ್ನ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದಳು. ಗಂಡ ಹೋದ ಮೇಲೆ ಆರು ಮದುವೆ ಮಾಡಿದವಳು. ಹೆಸರಿನ ಮುಂದೆ ‘ಕ್ವಾ ಫೂ’ ಅಂತ ಇತ್ತು. ಹಾಗಂದರೆ ವಿಧವೆ ಅಂತ, ಹುಡುಗ ಹೇಳಿದ.

"ನಮ್ಮಜ್ಜಿ ಅಂತಾಳ, ಇಷ್ಟು ಮದುವಿ ಆದುವು, ಯಾವ ಹುಡುಗನೂ ಸತ್ತಿಲ್ಲ. ಒಬ್ಬಾಂವ ಸೊಲ್ಪ ಕುಡೀತಾನ, ಅಷ್ಟ."

ದೊಡ್ಡಪ್ಪನ ಹೆಂಡತಿ ಮಗಳ ಕಡೆ ಬಾಗಿ, "ತಂಗೀ, ನೀನ ಹೇಳಿಬಿಡು. ಹೆಸರು ನಿನಗ ಬ್ಯಾಡ ಅಂತ ಹೇಳಿದ್ರ ಮುಗೀತು. ಇಲ್ಲಂದ್ರ ಸುಮ್ಮನ ಮದುವಿ ಮುಂದ ಹೋಗ್ತದ" ಅಂದಳು.

ಮಗಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಮತ್ತೆ ಹೂಂ ಅನ್ನು ಅನ್ನುತ್ತಿದ್ದೆನೋ ಏನೋ, ನನ್ನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಅವಳು ಎದ್ದು ಬಂದು ಕರಡನ್ನು ಮುದುಕಿಯ ಕೈಯಿಂದ ತೆಗೆದುಕೊಂಡಳು.

"ಪೆನ್ ಕೊಡಪಾ."

ಹುಡುಗ ಕೊಟ್ಟ. ಬಲಗಡೆ ಇದ್ದ ದೊಡ್ಡಪ್ಪ ದೊಡ್ಡಮ್ಮನ ಹೆಸರಿನ ಮೇಲೆ ಗೆರೆ ಎಳೆದಳು. ಲ್ಯಾಬಿನ ಚೀಟಿಯ ಮೇಲೆ ಎಳೆಯುವ ಹಾಗೆ, ನೆಟ್ಟಗೆ, ಒಂದೇ ಗೆರೆ. ಅದರ ಕೆಳಗೆ ಗಂಡನ ಹೆಸರು, ಗಂಡನ ಹೆಸರಿನ ಕೆಳಗೆ ತನ್ನ ಹೆಸರು ಬರೆದಳು.

ದೊಡ್ಡಪ್ಪ ಎದ್ದು ನಿಂತ. "ಅವ್ವಾರ, ನೀವರ ಹೇಳ್ರಿ ಅಕಿಗೆ. ತಿಳಿದವರು ನೀವು."

"ತಿಳಿದಿದ್ರ ಮೊದಲ ಹೇಳ್ತಿದ್ದೆ ಬೀಗರ" ಅಂದೆ. "ಕುಂದರ್ರಿ. ಚಾ ಬರ್ತದ."

ಮುದುಕಿ ತನ್ನ ಪತ್ರಿಕೆ ತೋರಿಸಿ ಹೆಸರಿನ ಮುಂದೆ ‘ಕ್ವಾ ಫೂ’ ಬರೆ ಅಂದಳು. ಅದಕ್ಕೂ ಮಗಳು ತಲೆ ಅಲ್ಲಾಡಿಸಿದಳು.

"ಬ್ಯಾಡ. ಹೆಸರು ಅಷ್ಟ ಸಾಕು. ಅವರ ಹೆಸರಿಗೆ ಏನು ಹಾಕಬೇಕೋ ಹಾಕ್ರಿ, ತೀರಿಕೊಂಡವರು ಅವರು."

ಮುದುಕಿಗೆ ಇದು ರುಚಿಸಲಿಲ್ಲ. ತನ್ನದೇ ರೀತಿ ಸರಿ ಅಂತ ಅವಳಿಗೂ ಇತ್ತು, ಸುಮ್ಮನೆ ಹೊಗಳುವುದಕ್ಕೆ ಅವಳೇನು ದೇವತೆಯಲ್ಲ. ಸ್ವಲ್ಪ ಹೊತ್ತು ಗೊಣಗಿದಳು. ಹಿರಿಯ ಮಗ ಏನೋ ಸಮಾಧಾನ ಹೇಳಿದ, ಈಗಿನ ಪತ್ರಿಕೆಗಳಲ್ಲಿ ಹಾಗೂ ಇರುತ್ತದೆ ಅಂತ. ಕೊನೆಗೆ ಅಳಿಯನ ಹೆಸರಿನ ಮುಂದೆ ‘ಕೋ’ ಅಂತ ಒಂದು ಅಕ್ಷರ ಬಂತು, ನಮ್ಮ ದಿವಂಗತ ಇದ್ದ ಹಾಗೆ. ಮಗಳ ಹೆಸರಿನ ಮುಂದೆ ಎಲ್ಲ ಹೆಂಗಸರಿಗೂ ಹಾಕುವ ‘ಬಾ’ ಮಾತ್ರ, ಶ್ರೀಮತಿ ಅಂದ ಹಾಗೆ. ಮದುವೆಯ ತಾರೀಖು ಇದ್ದಲ್ಲಿಯೇ ಇತ್ತು.

ಕನ್ನಡದ ಮಗ್ಗುಲಲ್ಲಿಯೂ ಹಾಗೆಯೇ ಅಚ್ಚಾಯಿತು. ದೊಡ್ಡಪ್ಪ ಎರಡು ವಾರ ಫೋನು ಎತ್ತಲಿಲ್ಲ. ಮೂರನೆಯ ವಾರ ತಾನೇ ಮಾಡಿ, ಕೆಳಗೆ ‘ಸುಖಾಗಮನ ಬಯಸುವವರು’ ಅಂತ ತನ್ನ ಹೆಸರಿದೆಯೋ, ಹೆಸರಿನ ಮುಂದೆ ಡಿಗ್ರಿ ಇದೆಯೋ ಕೇಳಿದ. ಹೆಸರಿತ್ತು. ಡಿಗ್ರಿಗೆ ಜಾಗ ಸಾಲಲಿಲ್ಲ ಅಂತ ಮೊಮ್ಮಗಳು ಹೇಳಿದಳು. ಜಾಗ ಬೇಕಾದಷ್ಟಿತ್ತು.

ಊಟ ಸಿಡ್ನಿಯ ಒಂದು ವಿಯೆಟ್ನಾಮಿ ರೆಸ್ಟೋರೆಂಟಿನಲ್ಲಿ. ಅವರಲ್ಲಿ ಪತ್ರಿಕೆಯಲ್ಲಿ ಮೇಲೆ ಹೆಸರಿದ್ದವರು ಬಾಗಿಲಲ್ಲಿ ನಿಂತು ಬಂದವರನ್ನು ಎದುರುಗೊಳ್ಳಬೇಕು. ಹುಡುಗನ ತಂದೆ ತಾಯಿ ಒಂದು ಕಡೆ, ನನ್ನ ಮಗಳು ಒಬ್ಬಳೇ ಇನ್ನೊಂದು ಕಡೆ, ನೀಲಿ ಇಳಕಲ್ ಸೀರೆಯಲ್ಲಿ. ನಮ್ಮ ಮಂದಿಯಲ್ಲಿ ಕೆಲವು ಹೆಂಗಸರು ಅವಳ ಬರಿ ಹಣೆ ನೋಡಿ, ಕುಂಕುಮದ ಬಟ್ಟಲು ಯಾರ ಕೈಗೆ ಕೊಡಬೇಕು ಅಂತ ಆ ಕಡೆ ಈ ಕಡೆ ನೋಡಿದರು. ಹುಡುಗನ ತಾಯಿ ಅದನ್ನು ಇಸಿದುಕೊಂಡು, ಏನು ಅಂತ ಗೊತ್ತಿಲ್ಲದೆ, ಮಗಳ ಕೈಯಲ್ಲಿಯೇ ಇಟ್ಟಳು.

ದೊಡ್ಡಪ್ಪ ಸೂಟು ಹಾಕಿಕೊಂಡು ಬಂದು ಮಗಳ ಪಕ್ಕದಲ್ಲಿ ನಿಂತ. ಧಾರವಾಡದ ಯಾರೋ ಕೈ ಕುಲುಕಿದರು. ಅವರಿಗೆ ಅವನು ಹೇಳಿದ್ದು ನನ್ನ ಕಿವಿಗೆ ಬಿತ್ತು.

"ನಾವು ಇದೆಲ್ಲಾ ಈಗ ನೋಡಂಗಿಲ್ಲರಿ. ತಾಯಿ ಹೆಸರ ಮ್ಯಾಲೆ ಇರಬೇಕು ಅಂತ ನಾನ ಹೇಳಿ ಹಾಕಿಸೇನಿ."

ಮಗಳೂ ಕೇಳಿಸಿಕೊಂಡಳು. ಮುಂದಿನ ಅತಿಥಿಗೆ ನಮಸ್ಕಾರ ಮಾಡಿ, ಅವನ ಕಡೆ ತಿರುಗಿ, "ಭಾವಾರ, ಒಳಗ ಹೋಗಿ ಕುಂದರ್ರಿ. ಇಲ್ಲಿ ನಾನು ನಿಂತಿರ್ತೇನಿ" ಅಂದಳು.

ಅವನು ಹೋದ. ನಾನೂ ಒಳಗೆ ಹೋಗಿ ಕುಳಿತೆ. ಪತ್ರಿಕೆಯಲ್ಲಿ ಆರು ಗಂಟೆ ಅಂತ ಬರೆದು ಊಟ ಎಂಟಕ್ಕೆ ಬಡಿಸಿದರು.