ನನ್ನ ಪ್ರೆಸ್ಸಿಗೆ ಆಗದ ಕೆಲಸ

ಬ್ಯಾಂಕಿಗೆ ಕೊಟ್ಟ ಮೊದಲ ಪತ್ರವನ್ನು ನಾನೇ ಬರೆದೆ. ತೆರಿಗೆ ಕಾಗದ ನೋಡಿಕೊಳ್ಳುವವರು ಬರೆದುಕೊಡುತ್ತೇನೆ ಎಂದಿದ್ದರು. ನಾನು ಬೇಡ ಎಂದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ನನ್ನ ಕೆಲಸದ ವಿಷಯ ಬರೆಯಲು ನನಗೆ ಇನ್ನೊಬ್ಬರ ಕೈ ಯಾಕೆ?

ಯೆಯ್ಯಾಡಿಯಲ್ಲಿ ನನ್ನ ವರ್ಕ್‌ಶಾಪು. ಇಪ್ಪತ್ತು ಟನ್ ಬಲದಲ್ಲಿ ಒತ್ತುವ ಒಂದು ಪವರ್ ಪ್ರೆಸ್ಸು. ಡೈ ಎಂಬ ಉಕ್ಕಿನ ಅಚ್ಚು ಕೂರಿಸಿ ಹೊಡೆದರೆ ತಗಡು ಬೇಕಾದ ಆಕಾರಕ್ಕೆ ಕತ್ತರಿಸಿ ಬೀಳುತ್ತದೆ. ಆ ಡೈಗಳನ್ನೆಲ್ಲ ಮಾಡಿದವನು ನಾನೇ. ಬಜಪೆ ಕಡೆಯ ಒಂದು ಫ್ಯಾಕ್ಟರಿಗೆ ವಿದ್ಯುತ್ ಪೆಟ್ಟಿಗೆಗಳ ಬ್ರಾಕೆಟ್ ಮಾಡಿಕೊಡುತ್ತಿದ್ದೆ. ಆ ವರ್ಷ ಅವರು, ಇನ್ನು ಮುಂದೆ ಎರಡು ಪಟ್ಟು ಬೇಕು, ಆಗುತ್ತದೋ ಇಲ್ಲವೋ ತಿಂಗಳೊಳಗೆ ಹೇಳಿ ಎಂದರು. ಆಗುತ್ತದೆ ಎಂದು ಅಲ್ಲಿಯೇ ಹೇಳಿಬಿಟ್ಟು ಬಂದೆ. ಅದಕ್ಕೆ ಐವತ್ತು ಟನ್ನಿನ ಪ್ರೆಸ್ಸು ಬೇಕಿತ್ತು.

ಪತ್ರದಲ್ಲಿ ಬರೆದದ್ದು ಹೀಗೆ: ‘ನನ್ನ ಪ್ರೆಸ್ಸು ಇಂದಿನವರೆಗೆ ಯಾವ ಕೆಲಸಕ್ಕೂ ಹಿಂದೆ ಸರಿದದ್ದಿಲ್ಲ. ಎಲ್ಲ ಕೆಲಸವೂ ನನ್ನಲ್ಲಿಯೇ ಆಗುತ್ತದೆ. ಹಾಗಾಗಿ ಹೊಸ ಪ್ರೆಸ್ಸಿಗೆ ಸಾಲ ಕೊಡಬೇಕಾಗಿ ವಿನಂತಿ.’ ಮೆಷಿನ್ ಮಾರುವವರ ಕೊಟೇಶನ್ನನ್ನೂ ಜೊತೆಗಿಟ್ಟೆ.

ವಾರ ಕಳೆದು ಸಾಲದ ವಿಭಾಗದ ಆಫೀಸರ್ ಮೇಡಂ ವರ್ಕ್‌ಶಾಪು ನೋಡಲು ಬಂದರು. ಶಬ್ದಕ್ಕೆ ಕಿವಿ ಮುಚ್ಚಿಕೊಳ್ಳಲಿಲ್ಲ. ಪ್ರೆಸ್ಸಿನ ಫೋಟೋ ತೆಗೆದು ಕೇಳಿದರು:

“ಇದ್ರಲ್ಲೇ ಎಲ್ಲ ಆಗ್ತದಾದ್ರೆ ಹೊಸದು ಎಂತಕ್ಕೆ?”

“ಹೆಚ್ಚು ಕೆಲಸ ಬರ್ತಾ ಉಂಟು ಮೇಡಂ.”

“ಹಾಗಾದ್ರೆ ರಾತ್ರಿ ಒಂದು ಪಾಳಿ ಹಾಕಿದ್ರೆ ಆಯ್ತಲ್ಲ. ಮೇಲಿನವರು ನನ್ನತ್ರ ಇದನ್ನೇ ಕೇಳುದು.”

ಅಷ್ಟರಲ್ಲಿ ಗೂಡ್ಸ್ ಟೆಂಪೊ ಹಿಂದಕ್ಕೆ ಬಂದು ಬಾಗಿಲಿಗೇ ನಿಂತಿತು. ಚಾಲಕ ಇಳಿಯುತ್ತಲೇ ಶುರು ಮಾಡಿದ.

“ಧಣಿ, ಬೈಕಂಪಾಡಿಯ ಮಾಲು ಬಂತು. ನಿಮ್ಮ ಡೈಯನ್ನೂ ವಾಪಸ್ ಕೊಟ್ಟಿದ್ದಾರೆ. ಇದೆಂತ ಭಾರ ಮಾರಾಯ್ರೆ, ನನ್ನ ಸೊಂಟ ಬ್ಯಾಂಕಿನವರಿಗೆ ಅಡವಿಡ್ಲಿಕ್ಕೂ ಆಗ್ಲಿಕ್ಕಿಲ್ಲ.”

ಪಕ್ಕದಲ್ಲಿ ನಿಂತವರು ಬ್ಯಾಂಕಿನವರೆಂದು ಅವನಿಗೆ ಗೊತ್ತಿರಲಿಲ್ಲ. ಮೇಡಂ ಟೆಂಪೊದಲ್ಲಿದ್ದ ಗೋಣಿಯಿಂದ ಒಂದು ತುಂಡು ತೆಗೆದರು. ದಪ್ಪ ತಗಡು, ಆಕಾರಕ್ಕೆ ಕತ್ತರಿಸಿದ್ದು, ತೂತು ಕೊರೆಯುವುದೂ ಮಡಿಸುವುದೂ ಬಾಕಿ.

“ಇದು ಇಲ್ಲಿ ಆದದ್ದಲ್ವಾ?”

ಮೂರು ಮಿಲ್ಲಿಮೀಟರ್ ತಗಡನ್ನು ಆ ಅಳತೆಗೆ ಕತ್ತರಿಸಲು ನನ್ನ ಪ್ರೆಸ್ಸಿಗೆ ಬಲ ಸಾಲದು. ಡೈ ಕಳಿಸಿ ಬೈಕಂಪಾಡಿಯ ಇನ್ನೊಂದು ವರ್ಕ್‌ಶಾಪಿನಲ್ಲಿ ಹೊಡೆಸಿ ತರುತ್ತಿದ್ದೆ. ಉಳಿದ ಕೆಲಸ ಇಲ್ಲಿ. ಆ ವರ್ಕ್‌ಶಾಪಿಗೂ ಇಮ್ಮಡಿ ಹೊಡೆದುಕೊಡಲು ಪುರುಸೊತ್ತಿರಲಿಲ್ಲ. ಇಷ್ಟನ್ನೂ ಮೇಡಂಗೆ ಹೇಳಿದೆ.

“ಇದನ್ನು ಯಾಕೆ ಬರೀಲಿಲ್ಲ ನೀವು? ಹೊರಗೆ ಕೊಡುವ ಆ ಕೂಲಿಯೇ ನಾಳೆ ಕಂತಿಗೆ ಆಗ್ತದೆ. ಸಾಲ ಕೊಡ್ಲಿಕ್ಕೆ ನಮ್ಗೆ ಕಾರಣ ಇದೇ. ಪತ್ರ ಬದಲಿಸಿ ಕೊಡಿ. ಆಮೇಲೆ, ಆ ಫ್ಯಾಕ್ಟರಿಯವರಿಂದ ಆರ್ಡರ್ ಉಂಟು ಅಂತ ಒಂದು ಪತ್ರ ಬೇಕು. ನಾನು ಅವರಿಗೆ ಫೋನ್ ಮಾಡಿ ಕೇಳ್ತೇನೆ.”

ಬ್ಯಾಂಕು ಕೇಳಿದರೆ ನಾನು ಹೊರಗೆ ಹೊಡೆಸುವುದು ಫ್ಯಾಕ್ಟರಿಗೆ ಗೊತ್ತಾಗುತ್ತದೆ. ಗೊತ್ತಾದರೆ ಅವರು ನನ್ನನ್ನು ದಾಟಿ ನೇರ ಬೈಕಂಪಾಡಿಗೇ ಹೋಗಬಹುದು; ಪೂರ್ತಿ ಕೆಲಸ ಸಿಗುವುದಾದರೆ ಅಲ್ಲಿಯವರೂ ಪುರುಸೊತ್ತು ಮಾಡಿಕೊಂಡಾರು. ಆಗ ಹೊಸ ಪ್ರೆಸ್ಸೂ ಇಲ್ಲ, ಇದ್ದ ಕೆಲಸವೂ ಇಲ್ಲ. ಹೇಳದಿದ್ದರೆ ಸಾಲ ಇಲ್ಲ, ತಿಂಗಳು ಮುಗಿದ ಮೇಲೆ ಆರ್ಡರೂ ಇಲ್ಲ. ಮೂರನೇ ದಿನ, ಬ್ಯಾಂಕಿನ ಫೋನಿಗಿಂತ ಮೊದಲು ವಿಷಯ ನನ್ನ ಬಾಯಿಂದಲೇ ಹೋಗಲಿ ಎಂದು ಬೈಕ್ ಹತ್ತಿದೆ.

ಫ್ಯಾಕ್ಟರಿಯಲ್ಲಿ ಮಾಲು ಖರೀದಿ ನೋಡಿಕೊಳ್ಳುವ ಮ್ಯಾನೇಜರ್ ನನ್ನ ವಯಸ್ಸಿನವರು. ಕುಳಿತುಕೊಳ್ಳಿ ಎಂದರೂ ಬೈಕಂಪಾಡಿಯ ವಿಷಯವನ್ನೂ ಹೊಸ ಪ್ರೆಸ್ಸಿನ ಸಾಲದ ವಿಷಯವನ್ನೂ ನಿಂತೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು:

“ಮತ್ತೆ ನಾವೇ ಅಲ್ಲಿಗೆ ಹೋಗ್ಬಹುದಲ್ಲ?”

“ಹೋಗ್ಬಹುದು. ಡೈ ಮಾತ್ರ ನನ್ನದು. ಅದನ್ನು ಕೊಡುದಿಲ್ಲ.”

“ಹೊಸ ಡೈ ನಾವು ಮಾಡಿಸ್ತೇವೆ.”

“ಮಾಡಿಸಿ. ತುಂಡು ಅಂಚು ಹರಿದು ಬಂದಾಗ ನನ್ನನ್ನು ಕರೀಬೇಡಿ.”

ಅವರು ಎದುರಿನ ಕುರ್ಚಿ ತೋರಿಸಿದರು.

“ಕೂತ್ಕೊಳ್ಳಿ ಮಾರಾಯ್ರೆ. ಹೊಸ ಪ್ರೆಸ್ಸು ಬಂದ್ರೆ ಟೆಂಪೊ ಖರ್ಚು ಉಳೀತದಲ್ಲ, ತುಂಡಿಗೆ ದರ ಇಳಿಸ್ತೀರಾ?”

ಇಳಿಸಿದೆ. ಅವರು ಕೇಳಿದಷ್ಟಲ್ಲ, ಆದರೆ ನನಗೆ ನೋವಾಗುವಷ್ಟು. ಆರ್ಡರಿನ ಪತ್ರವನ್ನು ಅಲ್ಲಿಯೇ ಟೈಪ್ ಮಾಡಿಸಿ ಕೊಟ್ಟರು.

ಬ್ಯಾಂಕಿಗೆ ಎರಡನೇ ಪತ್ರವನ್ನೂ ನಾನೇ ಬರೆದೆ. ‘ಮೂರು ಮಿಲ್ಲಿಮೀಟರ್ ತಗಡನ್ನು ಕತ್ತರಿಸಲು ನನ್ನ ಪ್ರೆಸ್ಸಿಗೆ ಆಗುವುದಿಲ್ಲ’ ಎಂಬ ಒಂದು ಸಾಲಿಗೆ ಒಂದು ಸಂಜೆ ಹಿಡಿಯಿತು. ಮೇಡಂ ಓದಿ, ಅದೇ ಸಾಲಿನ ಕೆಳಗೆ ಗೆರೆ ಎಳೆದು ಫೈಲಿಗೆ ಸೇರಿಸಿದರು. ಮೆಷಿನಿನ ಬೆಲೆಯಲ್ಲಿ ಕಾಲು ಭಾಗ ನಾನು ಹಾಕಬೇಕು, ಸಾಲ ತೀರುವವರೆಗೆ ಮೆಷಿನು ಬ್ಯಾಂಕಿಗೆ ಅಡವು ಎಂದರು. ಹೂಂ ಎಂದೆ. ತಿಂಗಳು ಮುಗಿಯುವ ಮೊದಲೇ ಮಂಜೂರಾತಿ ಬಂತು. ಇಳಿಸಿದ ದರ ಇವತ್ತಿಗೂ ಅಷ್ಟೇ ಉಂಟು.