ಫ್ರಿಜ್ಜಿನ ಹಿಂದಿನ ಮಡಿ ಸೀರೆ

ನಮ್ಮ ಫ್ರಿಜ್ಜು ಅಡುಗೆಮನೆಯಲ್ಲಿರಲಿಲ್ಲ, ಪಡಸಾಲೆಯಲ್ಲಿತ್ತು. ಅದು ಬಂದ ದಿನವೇ ನಮ್ಮ ಅತ್ತೆಯವರು ಅಡುಗೆಮನೆಯ ಹೊಸ್ತಿಲಿಗೆ ಅಡ್ಡ ನಿಂತು, "ಆ ಪೆಟಿಗಿ ಈ ಹೊಸ್ತಿಲಾ ದಾಟಂಗಿಲ್ಲ" ಎಂದು ಹೇಳಿಬಿಟ್ಟಿದ್ದರು. ಮುಂಬಯಿಯಲ್ಲಿದ್ದ ನನ್ನ ಅಣ್ಣ ಹೊಸದು ಕೊಂಡಾಗ ಹಳೆಯದನ್ನು ರೈಲಿಗೆ ಹಾಕಿ ನಮಗೆ ಕಳಿಸಿದ್ದ. ಅದರೊಳಗೆ ಯಾರು ಏನೇನು ಇಟ್ಟಿದ್ದರೋ ಎಂಬುದು ಅತ್ತೆಯವರ ಚಿಂತೆ. ಮಾಳಮಡ್ಡಿಯ ನಮ್ಮ ಓಣಿಗೆ ಅದೇ ಮೊದಲ ಫ್ರಿಜ್ಜು. ಜನ ನೋಡಲು ಬಂದರು, ತಣ್ಣನೆಯ ನೀರು ಕುಡಿದು ಹಲ್ಲು ಹಿಡಿದುಕೊಂಡು ನಕ್ಕರು. "ಏನವ್ವಾ, ಸಾಹೇಬರ ಮನಿ ಆತಲ್ಲ ನಿಂದು!" ಎಂದು ಚಾಷ್ಟಿ ಮಾಡಿದರು. ನಾನೂ ನಕ್ಕೆ. ಒಳಗೊಳಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಅದು ಶೋಕಿಗೆ ಬಂದ ಪೆಟ್ಟಿಗೆಯಲ್ಲ. ನನ್ನ ಹತ್ತು ವರ್ಷದ ಮಗನಿಗೆ ಸಕ್ಕರೆ ರೋಗವಿತ್ತು. ಮುದುಕರಿಗೆ ಬರುವ ರೋಗ ಮಗುವಿಗೆ ಹೇಗೆ ಬಂತೆಂದು ಕೇಳಿದವರಿಗೆಲ್ಲ ಉತ್ತರ ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು. ದಿನಾ ಬೆಳಿಗ್ಗೆ ಅವನಿಗೆ ಇನ್ಸುಲಿನ್ ಚುಚ್ಚಬೇಕು. ಚುಚ್ಚುವವಳು ನಾನೇ. ಗಾಜಿನ ಸಿರಿಂಜು ಕುದಿಸುವುದು, ತೋಳಿಗೆ ಸ್ಪಿರಿಟ್ ಒರೆಸುವುದು, ಸೂಜಿ ಹಾಕುವುದು. ಆಮೇಲೆ ಅವನ ಮೂತ್ರದ ಕೆಲವು ಹನಿಗಳನ್ನು ನೀಲಿ ಔಷಧಕ್ಕೆ ಬೆರೆಸಿ ಸ್ಪಿರಿಟ್ ದೀಪದ ಮೇಲೆ ಕಾಯಿಸುವುದು. ನೀಲಿಯಾಗಿಯೇ ಉಳಿದರೆ ಆ ಹೊತ್ತಿಗೆ ಬಚಾವು. ಹಸಿರಾದರೆ ಸ್ವಲ್ಪ ಸಕ್ಕರೆ. ಇಟ್ಟಂಗಿಯ ಬಣ್ಣಕ್ಕೆ ತಿರುಗಿದರೆ ಸಕ್ಕರೆ ಕೈಮೀರಿದೆ ಎಂದರ್ಥ. ಆ ಇನ್ಸುಲಿನ್ ಶೀಶೆಗಳನ್ನು ತಂಪಾಗಿ ಇಡುವುದಕ್ಕೆಂದೇ ಅಣ್ಣ ಫ್ರಿಜ್ಜು ಕಳಿಸಿದ್ದು.

ಆ ವರ್ಷ ಮಳೆಗಾಲದಲ್ಲಿ ಫ್ರಿಜ್ಜಿಗೆ ಏನೋ ಆಯಿತು. ಮೋಟಾರು ಬಿಡುವಿಲ್ಲದೆ ಗುರ್ ಅನ್ನುತ್ತಿತ್ತು, ಆದರೆ ಮೇಲಿನ ಬರ್ಫಿನ ಖಾನೆಯ ತಟ್ಟೆಯಲ್ಲಿ ನೀರು ನೀರಾಗಿಯೇ ಕೂತಿರುತ್ತಿತ್ತು. ಧಾರವಾಡದಲ್ಲಿ ಅದನ್ನು ಬಿಚ್ಚಿ ನೋಡುವವರು ಯಾರೂ ಇರಲಿಲ್ಲ. ಹುಬ್ಬಳ್ಳಿಯವನೊಬ್ಬ ಬರುತ್ತೇನೆಂದು ಹೇಳಿ ಕಳಿಸಿ ಬರಲೇ ಇಲ್ಲ. ನಾನು ದಿನಾ ಬಾಗಿಲು ತೆಗೆದು ಶೀಶೆಗಳನ್ನು ಮುಟ್ಟಿ ನೋಡುತ್ತಿದ್ದೆ.

"ಸುಮ್‌ಸುಮ್ನ ಬಾಗ್ಲಾ ತಗೀಬ್ಯಾಡ, ಒಳಗ ಬಿಸಿ ಹೋಗ್ತದ" ಎಂದು ನಮ್ಮವರು ಗದರಿದರು. ಅವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು.

ಮಗ ಆ ಮಾತನ್ನು ಹಿಡಿದುಕೊಂಡ. "ಬಿಸಿ ಹೋಗ್ತದ ಅಂತೀರಲ್ಲ ಅಪ್ಪಾ, ಹಂಗಾರ ತಂಪು ಎಲ್ಲಿಂದ ಬರ್ತದ?"

ಸಾಕಿತ್ತು. ನಮ್ಮವರು ಕನ್ನಡಕ ಏರಿಸಿಕೊಂಡು ಸಂಪೀಡನ, ಬಾಷ್ಪೀಭವನ, ಗುಪ್ತೋಷ್ಣ ಎಂದು ಶುರು ಮಾಡಿದರು. ಹುಡುಗ ಆಕಳಿಸಿದ. ನನಗೂ ಆಕಳಿಕೆ ಬಂತು.

"ನೀವು ಕಾಲೇಜಿನ್ಯಾಗ ಹೇಳ್ರಿ ಅದನ್ನ" ಎಂದು ನಾನು ಸ್ಪಿರಿಟ್ ಶೀಶೆ ತಂದೆ. ಹತ್ತಿಯ ಉಂಡೆ ತೋಯಿಸಿ ಮಗನ ತೋಳಿಗೆ ಒರೆಸಿದೆ. "ಹೆಂಗ ಅನಸ್ತದ?"

"ತಂಪ."

"ಈಗ ಶೀಶಿ ಹಿಡಕೊಂಡ ನೋಡು. ಅದು ತಂಪ ಅದ ಏನು?"

ಅವನು ಶೀಶೆಯನ್ನು ಕೆನ್ನೆಗೆ ಒತ್ತಿಕೊಂಡು ನೋಡಿದ. "ಇಲ್ಲ. ಗೂಡಿನ್ಯಾಗಿನ ಬ್ಯಾರೆ ಶೀಶಿ ಇದ್ದಂಗ ಅದ."

"ಮತ್ತ ತೋಳಿಗೆ ತಂಪು ಎಲ್ಲಿಂದ ಬಂತು? ಯಾರೂ ತಂದು ಹಾಕಲಿಲ್ಲ. ಸ್ಪಿರಿಟ್ ಆರಿ ಹಾರಿಹೋಗ್ಬೇಕಂದ್ರ ಅದಕ್ಕ ಬಿಸಿ ಬೇಕು. ಆ ಬಿಸೀನ ನಿನ್ನ ತೋಳಿನಿಂದ ಕಸಗೊಂಡು ಹಾರಿಹೋತು. ಬಿಸಿ ಹೋತಲ್ಲ, ಅದಕ್ಕ ನಿನಗ ತಂಪ ಅನಸ್ತು. ಫ್ರಿಜ್ಜಿನ್ಯಾಗೂ ಹಂಗ. ಬರ್ಫಿನ ಖಾನೆ ಸುತ್ತ ನಳಿಗಿ ಅದ. ಅದರೊಳಗ ಸ್ಪಿರಿಟ್‌ಕಿಂತಾ ಲಗೂ ಹಾರಿಹೋಗೋ ಔಷಧ. ಅದು ಹಾರುವಾಗ ಒಳಗಿನ ಹಾಲಿನ ಬಿಸಿ, ನಿನ್ನ ಶೀಶಿ ಬಿಸಿ ಎಲ್ಲಾ ಕಸಗೋತದ."

"ಹಾರಿಹೋದ್ರ ಮುಗೀತಲ್ಲ? ನಿನ್ನ ಸ್ಪಿರಿಟ್ ಹೆಂಗ ತೀರ್ತದ, ಹಂಗ ಅದೂ ತೀರಬೇಕಲ್ಲ?"

ಅಲ್ಲಿಗೆ ನನ್ನ ವಿದ್ಯೆ ಮುಗಿದಿತ್ತು. ನಮ್ಮವರತ್ತ ನೋಡಿದೆ. ಈ ಸಲ ಅವರು ದೊಡ್ಡ ಶಬ್ದ ಬಿಟ್ಟು ಮಾತಾಡಿದರು. "ತೀರಂಗಿಲ್ಲ, ನಳಿಗಿ ಎಲ್ಲಾ ಕಡೆ ಮುಚ್ಚೇದ. ಹಾರಿದ್ದು ಎಲ್ಲಿ ಹೋಗ್ಬೇಕು? ಕೆಳಗಿನ ಮೋಟಾರು ಆ ಆವೀನ ಎಳಕೊಂಡು ಒತ್ತಿ ಒತ್ತಿ ಹಿಂದಿನ ಕರಿ ನಳಿಗಿಗೆ ನೂಕ್ತದ. ಒತ್ತಿದ್ರ ಭಾಳ ಬಿಸಿ ಆಗ್ತದ. ಸೈಕಲ್ಲಿಗೆ ಗಾಳಿ ಹೊಡದಾಗ ಪಂಪಿನ ತುದಿ ಬಿಸಿ ಆಗಂಗಿಲ್ಲೇನು, ಹಂಗ. ಆ ಬಿಸಿ ಹಿಂದ ಮನಿ ಗಾಳಿಗೆ ಬಿಟ್ಟುಹೋಗ್ತದ. ಬಿಸಿ ಬಿಟ್ಟ ಮ್ಯಾಲೆ ಆವಿ ತಿರುಗಿ ನೀರಿನಂಗ ಆಗ್ತದ, ಸಣ್ಣ ನಳಿಗ್ಯಾಗಿಂದ ಮತ್ತ ಒಳಗ ಬರ್ತದ, ಮತ್ತ ಹಾರ್ತದ."

"ಅಂದ್ರ ಇದು ತಂಪು ಮಾಡೋ ಪೆಟಿಗಿ ಅಲ್ಲ" ಎಂದ ನನ್ನ ಮಗ. "ಬಿಸಿ ಹೊರಗ ಹೊತ್ತು ಹಾಕೋ ಪೆಟಿಗಿ."

ನಮ್ಮವರು ನನ್ನ ಮುಖ ನೋಡಿದರು. ಅಂಥ ಬುದ್ಧಿ ಕೊಟ್ಟ ದೇವರು ಅಂಥ ರೋಗ ಯಾಕೆ ಕೊಟ್ಟನೋ ಎಂದುಕೊಂಡೆ.

ಹುಡುಗ ಆಗಲೇ ಎದ್ದು ಫ್ರಿಜ್ಜಿನ ಹಿಂದೆ ಕೈ ಹಾಕಿದ್ದ. ಬಿಸಿ ಎಲ್ಲಿ ಹೊರಗೆ ಬರುತ್ತದೆ ಎಂದು ಮುಟ್ಟಿ ನೋಡಬೇಕಿತ್ತು ಅವನಿಗೆ. "ಅವ್ವಾ! ಇಲ್ಲೆ ಅಜ್ಜಿ ಸೀರಿ ಅದ!"

"ಮುಟ್ಟಬ್ಯಾಡೋ ಖೋಡಿ!" ಎಂದು ಒಳಗಿನಿಂದ ಅತ್ತೆಯವರು ಕೂಗಿಕೊಂಡು ಬಂದರು. ಅಷ್ಟರಲ್ಲಿ ಮುಟ್ಟಿ ಆಗಿತ್ತು. ಅದು ಅವರ ಮಡಿ ಸೀರೆ. ಮಡಿಯ ಸೀರೆಯನ್ನು ಒಗೆದ ಮೇಲೆ ಯಾರೂ ಮುಟ್ಟದ ಕಡೆ ಒಣಗಿಸಬೇಕು. ಬಿಡದೆ ಹಿಡಿದ ಜಿಟಿಜಿಟಿ ಮಳೆಯಲ್ಲಿ ಎಲ್ಲಿ ಒಣಗೀತು? ಫ್ರಿಜ್ಜಿನ ಬೆನ್ನು ಬೆಚ್ಚಗಿರುವುದನ್ನು ಅವರು ಹೇಗೋ ಕಂಡುಹಿಡಿದಿದ್ದರು. ಅಲ್ಲಿ ಯಾರ ಕೈಯೂ ಹೋಗುತ್ತಿರಲಿಲ್ಲ. ಒಂಬತ್ತು ಗಜದ ಸೀರೆಯನ್ನು ಮಡಿಕೆ ಮೇಲೆ ಮಡಿಕೆ ಹಾಕಿ ಗೋಡೆಗೂ ಕರಿ ನಳಿಗೆಗೂ ನಡುವೆ ತುರುಕುತ್ತಿದ್ದರು. ಒಂದು ಒಣಗಿದರೆ ಅದನ್ನು ಅಲ್ಲಿಯೇ ಬಿಟ್ಟು ಇನ್ನೊಂದು. ಹಸಿ ಇದ್ದಷ್ಟು ಹೊತ್ತು ಆರುತ್ತ ಆ ಬಿಸಿಯನ್ನೇ ಎಳೆದುಕೊಳ್ಳುತ್ತಿದ್ದವು, ಒಣಗಿದ ಮೇಲೆ ಅವು ಕೌದಿಯಂತೆ ನಳಿಗೆಗೆ ಹೊದಿಕೆಯಾಗಿ ಕೂತಿದ್ದವು. ಹೊರಗೆ ಬಂದ ಬಿಸಿಗೆ ಹೋಗಲು ದಾರಿಯೇ ಇರಲಿಲ್ಲ.

ಸೀರೆಗಳನ್ನು ಎಳೆದು ತೆಗೆದೆವು. ನಾಲ್ವರೂ ನಕ್ಕೆವು, ಅತ್ತೆಯವರು ಸ್ವಲ್ಪ ಕಡಿಮೆ. "ಅಜ್ಜಿ, ನಿನ್ನ ಮಡಿ ನನ್ನ ಔಷಧ ಬೇಯಿಸ್ಲಿಕ್ಕೆ ಹತ್ತಿತ್ತಲ್ಲ!" ಎಂದು ಹುಡುಗ ಕುಣಿದಾಡಿದ. ಅವರು ಸೀರೆಗಳನ್ನು ಒಟ್ಟುಮಾಡಿ ಒಳಗೆ ಹೋದರು. ಸಂಜೆ ದೇವರ ಮುಂದೆ ಬಹಳ ಹೊತ್ತು ಕೂತಿದ್ದರು.

ಮರುದಿನ ಬೆಳಿಗ್ಗೆ ಸಿರಿಂಜು ಕುದಿಯಲು ಇಟ್ಟು ಫ್ರಿಜ್ಜಿನ ಬಾಗಿಲು ತೆಗೆದೆ. ಒಳಗೆಲ್ಲ ತಣ್ಣಗೆ, ಚಂದಾಗಿ. ಶೀಶೆಗಳು ಇಟ್ಟ ಜಾಗದಲ್ಲಿ ಇರಲಿಲ್ಲ. ಹುಡುಕಿದೆ. ಮೇಲಿನ ಬರ್ಫಿನ ಖಾನೆಯೊಳಗೆ ಎರಡೂ ನಿಂತಿದ್ದವು, ಬಳಸುತ್ತಿದ್ದದ್ದೂ, ಒಡೆಯದ ಹೊಸದೂ. ಅಲುಗಾಡಿಸಿದರೆ ಒಳಗೆ ಏನೂ ಅಲುಗಲಿಲ್ಲ. ಇನ್ಸುಲಿನ್ ಕಲ್ಲಾಗಿತ್ತು.

"ನಾನ ಇಟ್ಟೆ" ಎಂದರು ಅತ್ತೆಯವರು ನನ್ನ ಹಿಂದೆ ನಿಂತು. ಅಷ್ಟು ದಿನದಲ್ಲಿ ಅವರು ಆ ಬಾಗಿಲು ಮುಟ್ಟಿದ್ದು ಅದೊಂದೇ ಸಲ. "ನನ್ನ ಸೀರಿಯಿಂದ ಔಷಧಕ್ಕ ಬಿಸಿ ತಾಗೇದ, ಎಲ್ಲಾಕ್ಕಿಂತ ತಂಪಿರೋ ಕಡೆ ಇಟ್ರ ಸುಧಾರಿಸ್ತದ ಅಂದ್ಕೊಂಡೆ. ಯಾಕ? ಏನಾತು?"

ನನಗೆ ಸಿಟ್ಟು ನೆತ್ತಿಗೇರಿತು. ಅವರ ಮುಖ ನೋಡಿದೆ. ಎರಡೂ ಶೀಶೆಗಳನ್ನು ಅಂಗೈಯಲ್ಲಿ ಮುಚ್ಚಿ ಹಿಡಿದೆ.

ಕರಗಿಸಿ ನೋಡಿದೆವು. ದಿನಾ ಅಂಗೈಗಳ ನಡುವೆ ಹೊರಳಿಸಿದರೆ ಹಾಲಿನಂತೆ ಒಂದೇ ಸಮ ಆಗುತ್ತಿದ್ದ ಔಷಧ, ಈಗ ಒಡೆದ ಹಾಲಿನ ಹಾಗೆ ಚೂರುಚೂರಾಗಿ ಗಾಜಿಗೆ ಅಂಟಿಕೊಂಡಿತು. ನಮ್ಮವರು ಶೀಶೆಗಳನ್ನು ಕಿಸೆಗೆ ಹಾಕಿಕೊಂಡು ಡಾಕ್ಟರ ಮನೆಗೆ ಓಡಿದರು. "ಒಮ್ಮೆ ಹೆಪ್ಪುಗಟ್ಟಿತಂದ್ರ ಮುಗೀತು, ಕರಗಿದ್ರೂ ಕೊಡಬ್ಯಾಡ್ರಿ" ಎಂದರಂತೆ ಡಾಕ್ಟರು. ಈ ಮಳೆಗಾಲದ ಹವೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ಗಡಿಗೆಯಲ್ಲಿಟ್ಟಿದ್ದರೂ ಎಷ್ಟೋ ದಿನ ಕೆಡುತ್ತಿರಲಿಲ್ಲ ಎಂದೂ ಅಂದರಂತೆ. ಹಾಗಾದರೆ ಈ ಫ್ರಿಜ್ಜೇ ಬೇಕಿರಲಿಲ್ಲವಲ್ಲ ಎಂದುಕೊಂಡೆ.

ಧಾರವಾಡದ ಯಾವ ಔಷಧದ ಅಂಗಡಿಯಲ್ಲೂ ಇನ್ಸುಲಿನ್ ಇರಲಿಲ್ಲ. ನಮ್ಮವರು ಹುಬ್ಬಳ್ಳಿಯ ರೈಲು ಹತ್ತಿದರು. ಅಲ್ಲಿ ಸಿಕ್ಕೀತೆಂದು ಯಾರೂ ಖಾತ್ರಿ ಹೇಳಲಿಲ್ಲ.

ನನಗೆ ಮಾಡಲು ಕೆಲಸವೇ ಇರಲಿಲ್ಲ. ಕುದಿಸಿದ ಸಿರಿಂಜು ಬಟ್ಟೆಯ ಮೇಲೆ ಸುಮ್ಮನೆ ಬಿದ್ದಿತ್ತು. ಹುಡುಗ ನೀರು ಕೇಳಿದ, ಕೊಟ್ಟೆ. ಮತ್ತೆ ಕೇಳಿದ. ಚೊಂಬುಗಟ್ಟಲೆ ಕುಡಿದ, ಹಿತ್ತಲಿಗೆ ಓಡಿದ, ಬಂದು ಮತ್ತೆ ಕುಡಿದ. ಮಧ್ಯಾಹ್ನದ ಹೊತ್ತಿಗೆ ಓಡಲು ಆಗಲಿಲ್ಲ. ನೀಲಿ ಔಷಧ ಕಾಯಿಸಿದರೆ ಮೊದಲು ಹಸಿರು, ಆಮೇಲೆ ಹಳದಿ, ಆಮೇಲೆ ನೋಡಬಾರದ ಆ ಇಟ್ಟಂಗಿ ಕೆಂಪು. ಮತ್ತೆ ಮತ್ತೆ ಕಾಯಿಸಿದೆ, ಕಾಯಿಸಿದರೆ ಬಣ್ಣ ಬದಲಾದೀತು ಎನ್ನುವವರ ಹಾಗೆ. ಎದುರಿಗೆ ಫ್ರಿಜ್ಜು ಗುರ್ ಎಂದು ಬಿಸಿ ಹೊತ್ತು ಹಾಕುತ್ತಲೇ ಇತ್ತು, ಒಳಗೆ ಒಂದು ಚರಿಗೆ ಹಾಲು ಬಿಟ್ಟರೆ ಏನೂ ಇಲ್ಲದೆ. ಅದನ್ನು ಒದೆಯಬೇಕೆನ್ನಿಸಿತು. ಖರೇ ಹೇಳುತ್ತೇನೆ, ಒದ್ದೆ ಕೂಡ.

ಊಟವಾಗುವ ತನಕ ಮೊಮ್ಮಗನನ್ನೂ ಮುಟ್ಟದ ಅತ್ತೆಯವರು ಅಂದು ಅಡುಗೆಯನ್ನೇ ಮಾಡಲಿಲ್ಲ. ಹುಡುಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಪಡಸಾಲೆಯಲ್ಲಿ ಕೂತರು. ಅವನು ಸುಸ್ತಾದ ದನಿಯಲ್ಲಿ ಕೇಳಿದ, "ಅವ್ವಾ, ಅಜ್ಜಿ ಸೀರಿ ತಗದ ಕೂಡ್ಲೆ ಫ್ರಿಜ್ಜು ಸುದ್ದ ಆತಲ್ಲ. ನನ್ನೊಳಗೂ ಹಂಗ ಏನರೆ ಅಡ್ಡ ಬಂದಿರಬೇಕು. ಅಪ್ಪಗ ಹೇಳಿ ತಗಸಿಬಿಡು."

"ನೀರ ಕುಡಿ" ಎಂದೆ.

ಅತ್ತೆಯವರು ಅವನ ತಲೆಯನ್ನು ಮೆಲ್ಲಗೆ ದಿಂಬಿಗೆ ಇಳಿಸಿ ಎದ್ದುಹೋದರು. ಒಳಗೆ ಬಟ್ಟೆ ಹರಿಯುವ ಸಪ್ಪಳ ಕೇಳಿಸಿತು. ತಮ್ಮ ಮಡಿ ಸೀರೆ ಹರಿದು, ಒದ್ದೆ ಮಾಡಿ, ಒಂದು ಸಣ್ಣ ಗಡಿಗೆಗೆ ಸುತ್ತಿ ತಂದು ಹುಡುಗನ ಪಕ್ಕ ಇಟ್ಟರು. ಒಳಗೆ ಇಡಲು ಔಷಧವೇ ಇರಲಿಲ್ಲ. ಆದರೂ ಬೀಸಣಿಕೆ ಹಿಡಿದು ಖಾಲಿ ಗಡಿಗೆಗೆ ಗಾಳಿ ಹಾಕುತ್ತ ಕೂತರು.

ದೀಪ ಹಚ್ಚುವ ಹೊತ್ತಿಗೆ ನಮ್ಮವರು ಮಳೆಯಲ್ಲಿ ತೊಯ್ದು ಬಂದರು. ಅಂಗಿಯ ಒಳಗಿಂದ ಒಂದು ಶೀಶೆ ತೆಗೆದು ನನ್ನ ಕೈಗಿಟ್ಟರು. ಸಿರಿಂಜು ಮತ್ತೆ ಕುದಿಸಿದೆ. ಡಾಕ್ಟರು ಹೇಳಿ ಕಳಿಸಿದಷ್ಟು ಎಳೆದುಕೊಂಡು, ಉಳಿದ ಶೀಶೆಯನ್ನು ಅತ್ತೆಯವರಿಗೆ ಕೊಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಗಡಿಗೆಯೊಳಗೆ ಇಳಿಸಿದರು.

ನಾನು ಮಗನ ತೋಳಿಗೆ ಸ್ಪಿರಿಟ್ ಒರೆಸಿದೆ.

ಅವನು ಕಣ್ಣು ತೆರೆಯಲಿಲ್ಲ. "ತಂಪ ಆತು" ಎಂದ.